ಡೇಟಾಬೇಸ್ ಸ್ಲೈಡು ಕನ್ನಡಕ್ಕೆ: ಯಾವ ಪದ ಕನ್ನಡ ಲಿಪಿಗೆ, ಯಾವುದು ಇಂಗ್ಲಿಷಿನಲ್ಲೇ?

ಡಿಗ್ರಿ ಕಾಲೇಜಿನ ಸ್ಲೈಡುಗಳನ್ನು ಕನ್ನಡದಲ್ಲಿ ಬರೆಯಲು ಕೂತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಸಿಕ್ಕಿದ ಪದಕ್ಕೆಲ್ಲ ನಿಘಂಟು ತೆಗೆದು ಕನ್ನಡ ಹುಡುಕುತ್ತಾರೆ, ಕೊನೆಗೆ ಆ ಸ್ಲೈಡನ್ನು ಬರೆದವರಿಗೇ ಎರಡನೇ ಸಲ ಓದುವಾಗ ಅರ್ಥ ಆಗುವುದಿಲ್ಲ. ಇನ್ನು ಕೆಲವರು ಇಂಗ್ಲಿಷ್ ವಾಕ್ಯವನ್ನೇ ಕನ್ನಡ ಲಿಪಿಯಲ್ಲಿ ಇಳಿಸಿ, ಕೊನೆಗೊಂದು ‘ಮಾಡಬೇಕು’ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಎರಡಕ್ಕೂ ಕಾರಣ ಒಂದೇ: ಪದ ಎದುರಾದಾಗಲೆಲ್ಲ ಅಲ್ಲಲ್ಲೇ ತೀರ್ಮಾನ ಮಾಡುವುದು. ತೀರ್ಮಾನಕ್ಕೆ ಒಂದು ಕ್ರಮ ಇದೆ, ಆ ಕ್ರಮ ತಪ್ಪಿದರೆ ಮೂರನೇ ಸ್ಲೈಡಿನ ‘ಕೀಲಿ’ ಹತ್ತನೇ ಸ್ಲೈಡಿನಲ್ಲಿ ‘ಕೀ’ ಆಗಿರುತ್ತದೆ.

ಇಲ್ಲಿ ಬಿಸಿಎ ತರಗತಿಯ ಡೇಟಾಬೇಸ್ ಪಾಠವನ್ನೇ ಉದಾಹರಣೆಯಾಗಿ ಹಿಡಿದಿದ್ದೇನೆ. ಓದುವವರು ಉಡುಪಿ, ಕಾಪು, ಕಾರ್ಕಳ, ಬೈಂದೂರು ಕಡೆಯಿಂದ ಬಸ್ಸಲ್ಲಿ ಬರುವ ಮಕ್ಕಳು ಅಂದುಕೊಳ್ಳಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಇದನ್ನು ಮರೆಯಬೇಡಿ, ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೇ ನಿಂತಿವೆ.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದದ್ದು

ಮೂಲ ಸ್ಲೈಡು, ಒಂದು ಖಾಲಿ ಸ್ಪ್ರೆಡ್‌ಶೀಟು, ಎಂಟರಿಂದ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ, ಮತ್ತು ಮಕ್ಕಳು ಲ್ಯಾಬಿನಲ್ಲಿ ಬಳಸುವ ಡೇಟಾಬೇಸ್ ಸಾಫ್ಟ್‌ವೇರ್. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಪರದೆಯ ಮೇಲೆ ಯಾವ ಪದ ಕಾಣುತ್ತದೆ ಅಂತ ನೋಡದೆ ತೀರ್ಮಾನ ಮಾಡಿದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚಿದ ಹಾಗೆ ಕಾಣುತ್ತದೆ, ಅದರಲ್ಲಿ ಪದ ಹುಡುಕುವುದಕ್ಕೂ ಆಗುವುದಿಲ್ಲ. ವಿಂಡೋಸಿನ Nirmala UI ಅಥವಾ ಉಚಿತವಾಗಿ ಸಿಗುವ Noto Sans Kannada ಸಾಕು.

## ಹಂತ 1: ಸ್ಲೈಡು ಮುಟ್ಟಬೇಡಿ, ಪದ ಪಟ್ಟಿ ಮಾಡಿ

ಇಡೀ ಅಧ್ಯಾಯದ ಸ್ಲೈಡುಗಳನ್ನು ಒಮ್ಮೆ ಓದಿ, ತಾಂತ್ರಿಕ ಅನಿಸಿದ ಪ್ರತಿ ಪದವನ್ನೂ ಸ್ಪ್ರೆಡ್‌ಶೀಟಿನ ಮೊದಲ ಕಾಲಮ್‌ಗೆ ಹಾಕಿ. ಎರಡನೇ ಕಾಲಮ್ ‘ಪರದೆಯಲ್ಲಿ ಕಾಣುತ್ತದಾ’, ಮೂರನೆಯದು ‘ಶಾಲೆಯ ಪದ’, ನಾಲ್ಕನೆಯದು ‘ಸ್ಲೈಡಿನಲ್ಲಿ ಬರೆಯುವ ರೂಪ’. ನಾಲ್ಕನೆಯದನ್ನು ಸದ್ಯಕ್ಕೆ ಖಾಲಿ ಬಿಡಿ.

ಜೋಡಿಪದಗಳನ್ನು ಒಡೆಯಬೇಡಿ. ಪ್ರೈಮರಿ ಕೀ ಒಂದೇ ಪದ, ಎರಡಲ್ಲ. ಒಡೆದು ಬರೆದವರೇ ಆಮೇಲೆ ‘ಪ್ರಾಥಮಿಕ ಕೀ’ ಅಂತ ಅರ್ಧ ಇತ್ತ ಅರ್ಧ ಅತ್ತ ಮಾಡುವುದು. ಪ್ರಾಥಮಿಕ ಅಂದರೆ ಇಲ್ಲಿನ ಮಕ್ಕಳಿಗೆ ಹಿರಿಯ ಪ್ರಾಥಮಿಕ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ನೆನಪಾಗುತ್ತದೆ. ಫಾರಿನ್ ಕೀ ಅನ್ನು ‘ವಿದೇಶಿ ಕೀಲಿ’ ಮಾಡಿದ ಸ್ಲೈಡು ತೆರೆದ ದಿನ ತರಗತಿ ನಗುವುದರಲ್ಲೇ ಮುಗಿಯುತ್ತದೆ.

## ಹಂತ 2: ಟೈಪ್ ಮಾಡುವುದನ್ನು ಮೊದಲು ಬೇರೆ ಮಾಡಿ

ಪಟ್ಟಿಯ ಪ್ರತಿ ಪದಕ್ಕೂ ಮೊದಲ ಪ್ರಶ್ನೆ ಇದು: ವಿದ್ಯಾರ್ಥಿ ಇದನ್ನು ಕೀಬೋರ್ಡಿನಲ್ಲಿ ಇದೇ ಅಕ್ಷರಗಳಲ್ಲಿ ಒತ್ತಬೇಕಾ, ಅಥವಾ ಪರದೆಯಲ್ಲಿ ಇದೇ ರೂಪದಲ್ಲಿ ಓದಬೇಕಾ? ಹೌದು ಅಂದರೆ ಅದು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಇಲ್ಲಿ ಚರ್ಚೆಯೇ ಬೇಡ. SELECT, WHERE, NULL, ಟೇಬಲ್ ಮತ್ತು ಕಾಲಮ್‌ಗಳ ಹೆಸರು, SQL, 1NF, 2NF ಎಲ್ಲ ಈ ಗುಂಪಿಗೆ. ‘ಸೆಲೆಕ್ಟ್ ಆಜ್ಞೆ’ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸ್ಪೆಲಿಂಗ್ ನೋಡಲು ವಿದ್ಯಾರ್ಥಿ ಬೇರೆ ಕಡೆ ಹೋಗಬೇಕು.

ಈ ಪ್ರಶ್ನೆ ಮೊದಲು ಯಾಕೆ? ಕನ್ನಡ ಪದ ಹುಡುಕುವುದರಿಂದ ಶುರು ಮಾಡಿದರೆ ಬಹಳ ದೊಡ್ಡ ತಪ್ಪೊಂದು ಸದ್ದಿಲ್ಲದೆ ನುಸುಳುತ್ತದೆ. ಈ ಮೂರು ಆಜ್ಞೆಗಳನ್ನು ನೋಡಿ:

```
DELETE FROM bus_pass WHERE pass_no = 12;
TRUNCATE TABLE bus_pass;
DROP TABLE bus_pass;
```

ಮೊದಲನೆಯದು 12ನೇ ನಂಬರಿನ ಪಾಸಿನ ಸಾಲನ್ನು ಮಾತ್ರ ತೆಗೆಯುತ್ತದೆ. ಎರಡನೆಯದು ಎಲ್ಲ ಸಾಲುಗಳನ್ನೂ ತೆಗೆದು ಖಾಲಿ ಟೇಬಲ್ ಉಳಿಸುತ್ತದೆ. ಮೂರನೆಯದರಲ್ಲಿ ಟೇಬಲ್ಲೇ ಹೋಗುತ್ತದೆ. ಕನ್ನಡ ಪದ ಹುಡುಕಿ ಹೊರಟರೆ ಮೂರಕ್ಕೂ ‘ಅಳಿಸು’ ಅಂತಲೇ ಬರುತ್ತದೆ, ಅಲ್ವಾ? ಇನ್ನೂ ಹಟ ಹಿಡಿದು ಒಂದಕ್ಕೆ ಅಳಿಸು, ಒಂದಕ್ಕೆ ಬರಿದಾಗಿಸು, ಒಂದಕ್ಕೆ ಕೈಬಿಡು ಅಂತ ಹಂಚಿದರೂ ಯಾವುದು ಯಾವ ಆಜ್ಞೆಗೆ ಅಂತ ವಿದ್ಯಾರ್ಥಿ ಬೇರೆ ಬಾಯಿಪಾಠ ಮಾಡಬೇಕು. ಆಜ್ಞೆ ಇಂಗ್ಲಿಷಿನಲ್ಲೇ ಇರಲಿ, ಅದು ಏನು ಮಾಡುತ್ತದೆ ಅನ್ನುವುದು ಪಕ್ಕದಲ್ಲಿ ಪೂರ್ತಿ ಕನ್ನಡದಲ್ಲಿರಲಿ.

NULL ಕೂಡ ಹಾಗೆಯೇ. ಅದನ್ನು ‘ಶೂನ್ಯ’ ಅಂತ ಬರೆದರೆ ಮಕ್ಕಳು ಸೊನ್ನೆ ಅಂದುಕೊಳ್ಳುತ್ತಾರೆ, ‘ಖಾಲಿ’ ಅಂದರೆ ಅಕ್ಷರವೇ ಇಲ್ಲದ ಪಠ್ಯ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಅಲ್ಲಿ ಏನಿದೆ ಅಂತ ಗೊತ್ತಿಲ್ಲ ಅಥವಾ ತುಂಬಿಲ್ಲ ಅನ್ನುವ ಗುರುತು ಅದು. ಸೊನ್ನೆ ಅಂತ ತಲೆಗೆ ಹೋದವರು ಲ್ಯಾಬಿನಲ್ಲಿ `phone = NULL` ಅಂತ ಬರೆದು, ಒಂದು ಸಾಲೂ ಬರಲಿಲ್ಲ ಅಂತ ಕೂರುತ್ತಾರೆ. ಬೇಕಾದದ್ದು `phone IS NULL`.

ಒಂದು ಚಿಕ್ಕ ಗೊಂದಲ ಇಲ್ಲಿ ಎಲ್ಲರಿಗೂ ಬರುತ್ತದೆ. ಪ್ರೈಮರಿ ಕೀ ಅನ್ನುವುದು ಒಂದು ಕಲ್ಪನೆಯೂ ಹೌದು, `PRIMARY KEY` ಅಂತ ಟೈಪ್ ಮಾಡುವ ಪದವೂ ಹೌದು. ಹಾಗಾದರೆ ಯಾವ ಗುಂಪು? ಎರಡೂ. ವಿವರಣೆಯ ವಾಕ್ಯದಲ್ಲಿ ಕನ್ನಡ ಲಿಪಿ, ಕೋಡಿನಲ್ಲಿ ಇಂಗ್ಲಿಷ್ ಅಕ್ಷರ. ಆದರೆ ಎರಡೂ ಒಂದೇ ಉಚ್ಚಾರಣೆಯಲ್ಲಿರಬೇಕು, ಆಗ ಕಣ್ಣು ತಾನಾಗಿ ಜೋಡಿಸಿಕೊಳ್ಳುತ್ತದೆ. ತಪ್ಪು ಸಂದೇಶ ಬಂದಾಗ ಇದರ ಲಾಭ ಗೊತ್ತಾಗುತ್ತದೆ. ಇರುವ ನಂಬರನ್ನೇ ಮತ್ತೆ ಸೇರಿಸಲು ಹೋದರೆ MySQL ಹೀಗೆ ಹೇಳುತ್ತದೆ:

```
Duplicate entry '12' for key 'bus_pass.PRIMARY'
```

ಸ್ಲೈಡಿನಲ್ಲಿ ‘ಪ್ರೈಮರಿ ಕೀ’ ಓದಿದವನಿಗೆ ಇದು ಕೂಡಲೇ ಹೊಳೆಯುತ್ತದೆ. ‘ಪ್ರಾಥಮಿಕ ಕೀಲಿ’ ಓದಿದವನಿಗೆ ಇಲ್ಲ.

## ಹಂತ 3: ಉಳಿದವುಗಳಲ್ಲಿ ಶಾಲೆಯ ಪದ ಯಾವುದಕ್ಕಿದೆ?

ಈಗ ಗಣಿತ ಪುಸ್ತಕ ತೆಗೆಯಿರಿ. ಹತ್ತನೇ ತರಗತಿಯೊಳಗೆ ಮಕ್ಕಳು ಓದಿ, ಬರೆದು, ಅಂಕ ತೆಗೆದ ಪದ ಇದ್ದರೆ ಅದನ್ನೇ ಬಳಸಿ. ಸರಾಸರಿ, ಸಾಲು ಇವೆಲ್ಲ ಬಳಸಿ ಸವೆದ ಪದಗಳು. ಸರಾಸರಿ ಇರುವಾಗ ‘ಆವರೇಜ್’ ಅಂತ ಬರೆಯುವುದು ಸುಮ್ನೆ. ನಿಘಂಟಿನಲ್ಲಿ ಪದ ಇದೆ ಅನ್ನುವುದು ಕಾರಣ ಅಲ್ಲ, ಮಕ್ಕಳು ಅದನ್ನು ಕಂಡಿದ್ದಾರೆ ಅನ್ನುವುದು ಕಾರಣ. ತುಳು ಮನೆಮಾತಿನ ಹುಡುಗಿಗೆ ಗ್ರಾಂಥಿಕ ಕನ್ನಡವೂ ಕಲಿತ ಭಾಷೆಯೇ. ‘ದತ್ತಸಂಚಯ’ ಆಕೆಗೆ ಡೇಟಾಬೇಸ್‌ಗಿಂತ ಒಂದು ಗುಲಗಂಜಿಯೂ ಹತ್ತಿರದ್ದಲ್ಲ.

ಕ್ರಿಯಾಪದಗಳಂತೂ ಯಾವಾಗಲೂ ಕನ್ನಡದಲ್ಲೇ ಇರಲಿ. ಸೇರಿಸಿ, ತೆಗೆಯಿರಿ, ಹುಡುಕಿ, ಹೋಲಿಸಿ, ಜೋಡಿಸಿ. ಇಂಗ್ಲಿಷ್ ಬೇಕಾಗುವುದು ವಸ್ತುಗಳ ಹೆಸರಿಗೆ ಮಾತ್ರ. ‘ಐಡೆಂಟಿಫೈ ಮಾಡುತ್ತದೆ’, ‘ಕಂಟೇನ್ ಮಾಡುತ್ತದೆ’ ಇವು ಸ್ಲೈಡಿನಲ್ಲಿ ಕಂಡರೆ ಯೋಚನೆಯೇ ಮಾಡದೆ ‘ಗುರುತಿಸುತ್ತದೆ’, ‘ಇರುತ್ತದೆ’ ಮಾಡಿ. ಇದೊಂದನ್ನು ಪಾಲಿಸಿದರೆ ಸ್ಲೈಡಿನ ಮುಕ್ಕಾಲು ಭಾರ ಇಳಿಯುತ್ತದೆ.

## ಹಂತ 4: ಡಿಕ್ಕಿ ಪರೀಕ್ಷೆ

ಶಾಲೆಯ ಪದ ಸಿಕ್ಕಿತು ಅಂತ ಕೂಡಲೇ ಬರೆಯಬೇಡಿ. ಅದೇ ಅಧ್ಯಾಯದಲ್ಲಿ ಇನ್ನೊಂದು ಇಂಗ್ಲಿಷ್ ಪದಕ್ಕೂ ಅದೇ ಕನ್ನಡ ಬರುತ್ತದಾ ನೋಡಿ. ಸ್ಪ್ರೆಡ್‌ಶೀಟಿನ ಮೂರನೇ ಕಾಲಮ್ ಅನ್ನು ಅಕಾರಾದಿಯಾಗಿ ಜೋಡಿಸಿದರೆ ಸಾಕು, ಒಂದೇ ಪದ ಎರಡು ಸಲ ಬಂದದ್ದು ಪಕ್ಕಪಕ್ಕ ನಿಲ್ಲುತ್ತದೆ.

ಡೇಟಾಬೇಸ್ ಪಾಠದಲ್ಲಿ ಈ ಡಿಕ್ಕಿ ಜಾಸ್ತಿ. ರಿಲೇಷನ್ ಅಂದರೆ ಈ ವಿಷಯದಲ್ಲಿ ಟೇಬಲ್. ರಿಲೇಷನ್‌ಶಿಪ್ ಅಂದರೆ ವಿದ್ಯಾರ್ಥಿಗೂ ಬಸ್ ಪಾಸಿಗೂ ಇರುವ ನಂಟು. ಎರಡಕ್ಕೂ ‘ಸಂಬಂಧ’ ಅಂತ ಬರೆದರೆ ‘ಸಂಬಂಧಗಳ ನಡುವಿನ ಸಂಬಂಧ’ ಅನ್ನುವ ವಾಕ್ಯ ಹುಟ್ಟುತ್ತದೆ, ಅದನ್ನು ಬ್ರಹ್ಮ ಬಂದರೂ ಬಿಡಿಸಲಾರ. ಇಂಥಲ್ಲಿ ಎರಡನ್ನೂ ಕನ್ನಡ ಲಿಪಿಯ ಇಂಗ್ಲಿಷ್ ಪದವಾಗಿಯೇ ಇಡಿ. ಒಂದಕ್ಕೆ ಸಂಬಂಧ, ಇನ್ನೊಂದಕ್ಕೆ ರಿಲೇಷನ್‌ಶಿಪ್ ಅಂತ ಹಂಚುವ ಆಸೆ ಬರುತ್ತದೆ, ಬೇಡ. ಯಾವುದು ಯಾವುದಕ್ಕೆ ಅಂತ ಬರೆದವರಿಗೆ ಮಾತ್ರ ನೆನಪಿರುತ್ತದೆ.

ಇನ್ನೊಂದು ಡಿಕ್ಕಿ ನಾರ್ಮಲೈಸೇಷನ್ ಮತ್ತು ಜನರಲೈಸೇಷನ್. ಎರಡಕ್ಕೂ ನಿಘಂಟು ‘ಸಾಮಾನ್ಯೀಕರಣ’ದ ಕಡೆಗೇ ಕೈ ತೋರಿಸುತ್ತದೆ. ಮೊದಲನೆಯದು ಒಂದೇ ಮಾಹಿತಿ ಹತ್ತು ಕಡೆ ಬರದಂತೆ ಟೇಬಲ್ ಒಡೆಯುವ ಕೆಲಸ. ಎರಡನೆಯದು ER ಚಿತ್ರದಲ್ಲಿ ವಿದ್ಯಾರ್ಥಿ, ಅಧ್ಯಾಪಕ ಇಬ್ಬರನ್ನೂ ‘ವ್ಯಕ್ತಿ’ ಅನ್ನುವ ಒಂದೇ ಗುಂಪಿನ ಕೆಳಗೆ ತರುವುದು. ಒಂದಕ್ಕೊಂದು ಸಂಬಂಧವೇ ಇಲ್ಲ.

ಉದಾಹರಣೆಯ ಡೇಟಾ ಜೊತೆಗೂ ಡಿಕ್ಕಿ ಆಗಬಹುದು, ಇದನ್ನು ಯಾರೂ ನೋಡುವುದಿಲ್ಲ. ಗಣಿತದಲ್ಲಿ ‘x ನ ಬೆಲೆ’ ಅಂತ ಕಲಿತಿರುವುದರಿಂದ ‘ಕಾಲಮ್‌ನ ಬೆಲೆ’ ಅನ್ನುವುದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಟೇಬಲ್ಲಿನಲ್ಲಿ ಮಲ್ಪೆ ಬಂದರಿನ ಬಂಗುಡೆ, ಬೂತಾಯಿಯ ದರ ಹಾಕಿದ್ದೀರಿ ಅಂದುಕೊಳ್ಳಿ, ಆಗ ‘price ಕಾಲಮ್‌ನ ಬೆಲೆ’ ಅಂದರೆ ಏನು? ಒಂದೋ ಉದಾಹರಣೆ ಬದಲಿಸಿ, ಇಲ್ಲವೇ ಆ ಅಧ್ಯಾಯಕ್ಕೆ ‘ಮೌಲ್ಯ’ ಹಿಡಿಯಿರಿ.

## ಹಂತ 5: ಉಳಿದದ್ದು ಕನ್ನಡ ಲಿಪಿಗೆ, ಒಂದೇ ಕಾಗುಣಿತದಲ್ಲಿ

ಟೈಪ್ ಮಾಡುವುದಲ್ಲ, ಶಾಲೆಯ ಪದ ಇಲ್ಲ, ಅಥವಾ ಡಿಕ್ಕಿ ಹೊಡೆಯಿತು. ಈಗ ಉಳಿದವೆಲ್ಲ ಕನ್ನಡ ಲಿಪಿಗೆ: ಟೇಬಲ್, ಕಾಲಮ್, ಕ್ವೆರಿ, ಪ್ರೈಮರಿ ಕೀ, ನಾರ್ಮಲೈಸೇಷನ್.

ಕಾಗುಣಿತ ತರಗತಿಯಲ್ಲಿ ಹೇಳುವ ಹಾಗೆ ಇರಲಿ. ಅಧ್ಯಾಪಕರು ‘ಕ್ವೆರಿ’ ಅಂದರೆ ಕ್ವೆರಿ, ‘ಟಪಲ್’ ಅಂದರೆ ಟಪಲ್. ಯಾವುದು ಸರಿಯಾದ ಉಚ್ಚಾರಣೆ ಅನ್ನುವ ವಾದ ಇಲ್ಲಿ ಬೇಡ, ಕಿವಿಗೆ ಬಿದ್ದದ್ದು ಕಣ್ಣಿಗೂ ಅದೇ ಆಗಿ ಕಂಡರೆ ಸಾಕು. ಆಟ್ರಿಬ್ಯೂಟ್, ಅಟ್ರಿಬ್ಯೂಟ್, ಎಟ್ರಿಬ್ಯೂಟ್ ಮೂರೂ ಓಡಾಡುತ್ತವೆ. ಒಂದನ್ನು ಆರಿಸಿ ನಾಲ್ಕನೇ ಕಾಲಮ್‌ಗೆ ಹಾಕಿ, ಮುಂದೆ ಅಲ್ಲಿಂದಲೇ ಕಾಪಿ ಮಾಡಿ.

ಕೈಯಲ್ಲಿ ಮತ್ತೆ ಮತ್ತೆ ಟೈಪ್ ಮಾಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ‘ಸಾಫ್ಟ್ವೇರ್’ ಮತ್ತು ‘ಸಾಫ್ಟ್‌ವೇರ್’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ವ ಒತ್ತಾಗಿ ಟ ಕೆಳಗೆ ಹೋಗಿದೆ. ಎರಡನೆಯದರಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಯೂನಿಕೋಡಿನಲ್ಲಿ ಅದರ ಸಂಖ್ಯೆ U+200C. ಅರ್ಧಾಕ್ಷರ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಸರ್ವರ್‌ನಲ್ಲಿ, ಟೇಬಲ್‌ಗೆ, ನೆಟ್‌ವರ್ಕ್ ಎಲ್ಲದಕ್ಕೂ ಇದು ಬೇಕು. ವರ್ಡ್‌ನಲ್ಲಿ `200C` ಟೈಪ್ ಮಾಡಿ Alt ಮತ್ತು X ಒಟ್ಟಿಗೆ ಒತ್ತಿದರೆ ಬರುತ್ತದೆ. ಇದು ಕೆಲವು ಕಡೆ ಇದ್ದು ಕೆಲವು ಕಡೆ ಇಲ್ಲದಿದ್ದರೆ ನೋಡಲು ಅಸಹ್ಯ ಅನ್ನುವುದು ಹಾಗಿರಲಿ, ಹುಡುಕುವಾಗಲೂ ಒಂದು ರೂಪ ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳಬಹುದು.

## ಹಂತ 6: ಪ್ರತ್ಯಯ ಅಂಟಿಸುವ ಜಾಗ

ಕನ್ನಡ ಲಿಪಿಯ ಪದಕ್ಕೆ ಪ್ರತ್ಯಯ ಸಲೀಸಾಗಿ ಅಂಟುತ್ತದೆ: ಕ್ವೆರಿಯನ್ನು, ಡೇಟಾವನ್ನು, ಟೇಬಲ್‌ಗಳು. ‘ಟೇಬಲ್ಸ್’ ಬೇಡ, ‘ಟೇಬಲ್ಸ್‌ಗಳು’ ಅಂತೂ ಬೇಡವೇ ಬೇಡ.

ತೊಂದರೆ ಇರುವುದು ಇಂಗ್ಲಿಷ್ ಅಕ್ಷರದ ಪದಕ್ಕೆ. ‘SELECTನಲ್ಲಿ’, ‘pass_noಅನ್ನು’ ಅಂತ ಬರೆದರೆ ಪದ ಎಲ್ಲಿಗೆ ಮುಗಿಯಿತು ಅಂತ ತಿಳಿಯುವುದಿಲ್ಲ. ಕೆಲವು ಮಕ್ಕಳು ಆ ಬಾಲವನ್ನೂ ಸೇರಿಸಿ ಕಾಪಿ ಮಾಡುತ್ತಾರೆ. ಇದಕ್ಕೆ ಉಪಾಯ ಸುಲಭ: ಪದದ ನಂತರ ಅದು ಯಾವ ಜಾತಿಯದ್ದು ಅಂತ ಹೇಳುವ ಒಂದು ಪದ ಹಾಕಿ, ಪ್ರತ್ಯಯವನ್ನು ಅದಕ್ಕೆ ಅಂಟಿಸಿ. SELECT ಆಜ್ಞೆಯಲ್ಲಿ. pass_no ಕಾಲಮ್ ಅನ್ನು. bus_pass ಟೇಬಲ್‌ನಿಂದ. ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಪರವಾಗಿಲ್ಲ. ಇದು ಯಾವುದರ ಹೆಸರು ಅನ್ನುವುದೂ ಪ್ರತಿ ಸಲ ನೆನಪಾಗುತ್ತದೆ.

## ಒಂದು ಸ್ಲೈಡು ಮಾಡಿ ನೋಡೋಣ

ಪ್ರೈಮರಿ ಕೀ ವಿವರಿಸುವ ಸ್ಲೈಡು ತೆಗೆದುಕೊಳ್ಳಿ. ನಿಘಂಟು ಹಿಡಿದು ಕೂತವರ ಕೈಯಲ್ಲಿ ಅದು ಹೀಗಾಗುತ್ತದೆ:

> ಪ್ರಾಥಮಿಕ ಕೀಲಿಯು ಸಂಬಂಧವೊಂದರ ಪ್ರತಿಯೊಂದು ದಾಖಲೆಯನ್ನು ಅನನ್ಯವಾಗಿ ಗುರುತಿಸುವ ಗುಣಲಕ್ಷಣವಾಗಿದ್ದು, ಶೂನ್ಯ ಮೌಲ್ಯವನ್ನು ಹೊಂದಿರತಕ್ಕದ್ದಲ್ಲ.

ಲಿಪಿ ಮಾತ್ರ ಬದಲಿಸುವವರ ಕೈಯಲ್ಲಿ ಹೀಗೆ:

> ಪ್ರೈಮರಿ ಕೀ ರಿಲೇಷನ್‌ನ ಪ್ರತಿ ರೆಕಾರ್ಡನ್ನು ಯುನೀಕ್ ಆಗಿ ಐಡೆಂಟಿಫೈ ಮಾಡುವ ಆಟ್ರಿಬ್ಯೂಟ್. ಅದು ನಲ್ ವ್ಯಾಲ್ಯೂ ಕಂಟೇನ್ ಮಾಡುವಂತಿಲ್ಲ.

ನಮ್ಮ ಕ್ರಮದಲ್ಲಿ ಹೋಗೋಣ. NULL ಪರದೆಯ ಪದ, ಹಾಗೇ ಉಳಿಯಿತು. ‘ಐಡೆಂಟಿಫೈ’, ‘ಕಂಟೇನ್’ ಕ್ರಿಯೆಗಳು, ಕನ್ನಡಕ್ಕೆ ಬಂದವು. ‘ರೆಕಾರ್ಡ್’ಗೆ ಸಾಲು ಇದೆ, ಡಿಕ್ಕಿ ಇಲ್ಲ. ರಿಲೇಷನ್ ಮತ್ತು ಆಟ್ರಿಬ್ಯೂಟ್ ಪದಗಳು ಪರೀಕ್ಷೆಗೆ ಬೇಕು, ಆದರೆ ಈ ಸ್ಲೈಡಿನ ಕೆಲಸ ಅವನ್ನು ಕಲಿಸುವುದಲ್ಲ, ಹಾಗಾಗಿ ಟೇಬಲ್, ಕಾಲಮ್ ಸಾಕು. ‘ಯುನೀಕ್’ ಅನ್ನುವುದಕ್ಕೆ ಒಂದೇ ಪದದ ಬದಲು ಹುಡುಕದೆ, ಅದರ ಅರ್ಥವನ್ನೇ ವಾಕ್ಯ ಮಾಡಿದರೆ ಮುಗಿಯಿತು:

> ಪ್ರೈಮರಿ ಕೀ: ಟೇಬಲ್‌ನ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್. ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಕಾಲಮ್ ಸೇರಿ ಈ ಕೆಲಸ ಮಾಡುತ್ತವೆ.
> ಒಂದೇ ಮೌಲ್ಯ ಎರಡು ಸಾಲಿನಲ್ಲಿ ಬರಬಾರದು. NULL ಇರಬಾರದು.
> bus_pass ಟೇಬಲ್‌ನಲ್ಲಿ pass_no ಕಾಲಮ್ ಪ್ರೈಮರಿ ಕೀ ಆಗಬಹುದು. stop ಕಾಲಮ್ ಆಗದು, ಕಾಪುವಿನಲ್ಲಿ ಹತ್ತುವವರು ಹಲವರಿದ್ದಾರೆ.

ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಸ್ಪೆಲಿಂಗ್ ಎಲ್ಲಿ? ವಾಕ್ಯದ ನಡುವೆ ಆವರಣ ಹಾಕಿ ತುರುಕಬೇಡಿ, ಓದು ಅಲ್ಲೇ ಮುರಿಯುತ್ತದೆ. ಸ್ಲೈಡಿನ ಕೆಳಗೆ ಸಣ್ಣ ಪಟ್ಟಿ ಮಾಡಿ, ಆ ಸ್ಲೈಡಿನಲ್ಲಿ ಮೊದಲ ಸಲ ಬಂದ ಎರಡು ಮೂರು ಪದಗಳನ್ನು ಎರಡೂ ಲಿಪಿಯಲ್ಲಿ ಕೊಡಿ. ಐದಕ್ಕಿಂತ ಜಾಸ್ತಿ ಆಯಿತು ಅಂದರೆ ತಪ್ಪು ಪಟ್ಟಿಯದ್ದಲ್ಲ, ಸ್ಲೈಡನ್ನು ಎರಡು ಮಾಡಬೇಕು.

## ಅಪಾಯದ ಗುರುತುಗಳು

ಆ ಅಧ್ಯಾಯ ಇನ್ನೂ ಓದದ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಸ್ಲೈಡನ್ನು ಜೋರಾಗಿ ಓದಿಸಿ. ಅರ್ಥ ಆಯಿತಾ ಅಂತ ಕೇಳಬೇಡಿ, ಎಲ್ಲರೂ ಹೌದು ಸರ್ ಅನ್ನುತ್ತಾರೆ. ಎಲ್ಲಿ ನಾಲಿಗೆ ತಡವರಿಸಿತು ಅಂತ ಗಮನಿಸಿ. ಕನ್ನಡ ಪದವನ್ನು ಓದಿ, ಮನಸ್ಸಲ್ಲೇ ಇಂಗ್ಲಿಷಿಗೆ ತಿರುಗಿಸಿ ‘ಓ, ಅದಾ’ ಅಂದರೆ ಆ ಪದ ಕನ್ನಡ ಲಿಪಿಯ ಇಂಗ್ಲಿಷ್ ಆಗಬೇಕಿತ್ತು. ಕನ್ನಡ ಲಿಪಿಯ ಪದವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರೆ, ‘ಆರ್‌ಡಿಬಿಎಂಎಸ್’ ಓದುವಾಗ ಆಗುವ ಹಾಗೆ, ಅದು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಿತ್ತು. ಹ್ರಸ್ವನಾಮಗಳೆಲ್ಲ ಇದೇ ಜಾತಿ.

ಇನ್ನೊಂದು ಪರೀಕ್ಷೆ ಲ್ಯಾಬಿನಲ್ಲಿ. ಸ್ಲೈಡು ನೋಡಿಕೊಂಡು ಈ ಕ್ವೆರಿ ಬರೆಯಲು ಹೇಳಿ: ಕಾಪುವಿನಲ್ಲಿ ಬಸ್ ಹತ್ತುವವರ ಹೆಸರು ತೆಗೆಯಿರಿ.

```
SELECT name
FROM bus_pass
WHERE stop = 'Kapu';
```

ಯಾವ ಪದಕ್ಕೆ ‘ಇದರ ಇಂಗ್ಲಿಷ್ ಏನು’ ಅಂತ ಕೈ ಎತ್ತುತ್ತಾರೋ ಆ ಪದ ಎರಡನೇ ಹಂತದಲ್ಲಿ ತಪ್ಪಿಸಿಕೊಂಡಿದೆ. ಸ್ಲೈಡಿನಿಂದ ಕಾಪಿ ಮಾಡಿ ಹಾಕಿದ ಕೋಡು ತಪ್ಪು ತೋರಿಸಿದರೆ ಮಾತ್ರ ಪದದ ಮೇಲೆ ಸಂಶಯ ಬೇಡ, Kapu ಸುತ್ತಲಿನ ಉದ್ಧರಣ ಚಿಹ್ನೆ ನೋಡಿ. ಪವರ್‌ಪಾಯಿಂಟ್ ಅದನ್ನು ತಾನಾಗಿ ಬಾಗಿದ ಚಿಹ್ನೆ ಮಾಡಿಬಿಡುತ್ತದೆ, ಡೇಟಾಬೇಸ್‌ಗೆ ನೇರ ಚಿಹ್ನೆಯೇ ಬೇಕು. ಆಟೋಕರೆಕ್ಟ್‌ನಲ್ಲಿ ಅದನ್ನು ನಿಲ್ಲಿಸಿಟ್ಟು ಕೋಡನ್ನು ಮತ್ತೆ ಟೈಪ್ ಮಾಡಿ.

## ಕೊನೆಯ ಸುತ್ತು

ತಿದ್ದುಪಡಿ ಬಂದರೆ ಮೊದಲು ಸ್ಪ್ರೆಡ್‌ಶೀಟಿನಲ್ಲಿ ಬದಲಿಸಿ, ಆಮೇಲೆ Ctrl+H ಹಾಕಿ ಸ್ಲೈಡಿನಲ್ಲಿ. ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ, ಒಂದೊಂದಾಗಿ ನೋಡುತ್ತಾ ಹೋಗಿ. ‘ಕೀ’ ಅನ್ನು ಬದಲಿಸಲು ಹೋದರೆ ‘ಕೀಬೋರ್ಡ್’, ‘ಕೀಲಿ’ ಎಲ್ಲವೂ ಬದಲಾಗುತ್ತದೆ. ಪ್ರತ್ಯಯವನ್ನೂ ಕೈಯಲ್ಲೇ ಸರಿ ಮಾಡಬೇಕು: ಕೀಲಿಯನ್ನು ಕೀಯನ್ನು ಆಗಬಹುದು, ಆದರೆ ‘ದಾಖಲೆಯನ್ನು’ ಹೋಗಿ ‘ಸಾಲುಯನ್ನು’ ಆಗಿ ಕೂತಿರುತ್ತದೆ.

ಸ್ಲೈಡನ್ನು ತರಗತಿಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ. ನಿಮ್ಮ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಸಾಲುಗಳು ಪೆಟ್ಟಿಗೆಯಿಂದ ಹೊರಗೆ ಇಳಿದಿರುತ್ತವೆ. ಮಕ್ಕಳಿಗೆ ಹಂಚುವ ಪ್ರತಿಯನ್ನು ಪಿಡಿಎಫ್ ಮಾಡಿಯೇ ಕಳಿಸಿ, ಪದಗಳ ಸ್ಪ್ರೆಡ್‌ಶೀಟನ್ನೂ ಜೊತೆಗೆ ಹಾಕಿ. ಮುಂದಿನ ಅಧ್ಯಾಯ ಬರೆಯುವವರು ಬೇರೆಯವರಾದರೆ ಅವರು ಶುರು ಮಾಡಬೇಕಾದದ್ದು ಆ ಪಟ್ಟಿಯಿಂದಲೇ.